ಎಚ್ಚರ ತಪ್ಪಿದ ಆ ಅರ್ಧ ನಿಮಿಷ: ಬವಳಿಯೋ, ಹೃದಯದ ಲಯವೋ?

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಅಂಥ ಸುದ್ದಿಗಳನ್ನು ಓದಿದ ಮನೆಗಳಲ್ಲಿ ಯಾರಾದರೂ ನಿಂತಲ್ಲೇ ಕುಸಿದುಬಿದ್ದರೆ ಮೊದಲು ಏಳುವ ಪ್ರಶ್ನೆ, ಇದು ಹಾರ್ಟಿನ ತೊಂದರೆಯೇ ಎಂಬುದು. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುವ ಬಗೆ ಎರಡು ಕಡೆಯಿಂದ ತಪ್ಪುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಬವಳಿ ಬಂದು ಬಿದ್ದ ಹದಿನಾಲ್ಕರ ಹುಡುಗಿಗೆ ಸ್ಕ್ಯಾನಿನ ಮೇಲೆ ಸ್ಕ್ಯಾನ್ ಆಗುತ್ತದೆ. ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಎಚ್ಚರ ತಪ್ಪಿದ ಅರವತ್ತರ ಹಿರಿಯರಿಗೆ "ಬಿಪಿ ಲೋ ಆಗಿತ್ತು" ಎಂದು ಹೇಳಿ ಒಂದು ಬಾಟಲಿ ಗ್ಲೂಕೋಸ್ ಏರಿಸಿ ಮನೆಗೆ ಕಳುಹಿಸಲಾಗುತ್ತದೆ. ಈ ಇಬ್ಬರನ್ನು ಬೇರ್ಪಡಿಸುವ ಮುಖ್ಯ ಸಾಧನ ಯಂತ್ರವಲ್ಲ. ಬೀಳುವ ಮುಂಚಿನ ಕೆಲವು ನಿಮಿಷ, ಬಿದ್ದ ಅರ್ಧ ನಿಮಿಷ ಮತ್ತು ಎದ್ದ ಮೇಲಿನ ಕೆಲವು ನಿಮಿಷಗಳಲ್ಲಿ ಏನಾಯಿತು ಎಂಬ ವಿವರವೇ ಆ ಸಾಧನ. ಆ ವಿವರ ವೈದ್ಯರ ಬಳಿ ಇರುವುದಿಲ್ಲ, ಪಕ್ಕದಲ್ಲಿದ್ದವರ ಬಳಿ ಇರುತ್ತದೆ.

ಮೊದಲಿಗೆ ಯಾವುದನ್ನು ಎಚ್ಚರ ತಪ್ಪುವುದು ಎನ್ನುತ್ತೇವೆ ಎಂಬುದು ಸ್ಪಷ್ಟವಾಗಲಿ. ಇಡೀ ಮಿದುಳಿಗೆ ಒಮ್ಮೆಗೇ ರಕ್ತ ಸಾಲದೆ ಹೋಗಿ ಪ್ರಜ್ಞೆ ತಪ್ಪುತ್ತದೆ, ದೇಹ ತನ್ನ ಬಿಗಿ ಕಳೆದುಕೊಂಡು ಬೀಳುತ್ತದೆ, ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಯಾರೂ ಏನೂ ಮಾಡದೆಯೇ ಎಚ್ಚರ ಮರಳುತ್ತದೆ. ಈ ಮೂರೂ ಇದ್ದರೆ ಮಾತ್ರ ನಾವು ಇಲ್ಲಿ ಚರ್ಚಿಸುತ್ತಿರುವ ಸಂಗತಿ ಅದು. ಕೋಣೆಯೇ ತಿರುಗಿದಂತಾಗುವ ತಲೆಸುತ್ತು ಬೇರೆ, ಅದರಲ್ಲಿ ಎಚ್ಚರ ತಪ್ಪುವುದಿಲ್ಲ. ಸಕ್ಕರೆ ಇಳಿದು ಪ್ರಜ್ಞೆ ಹೋದವರು ಅರ್ಧ ನಿಮಿಷದಲ್ಲಿ ತಾವಾಗಿಯೇ ಚೇತರಿಸಿಕೊಂಡು ಮಾತನಾಡುವುದಿಲ್ಲ. ಒಂದು ಕೈ ಸೋತು ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮಿದುಳು ರಕ್ತವಿಲ್ಲದೆ ತಾಳಿಕೊಳ್ಳುವ ಅವಧಿ ಬಹಳ ಕಡಿಮೆ. ಹರಿವು ಪೂರ್ತಿ ನಿಂತರೆ ಆರರಿಂದ ಎಂಟು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಮುಂದೆ ಹೇಳುವ ವ್ಯತ್ಯಾಸಗಳೆಲ್ಲ ಹುಟ್ಟುವುದು ಈ ಹರಿವು ನಿಧಾನವಾಗಿ ಕುಸಿಯಿತೋ, ತಟಕ್ಕನೆ ನಿಂತಿತೋ ಎಂಬುದರಿಂದ.

ನಿಧಾನವಾಗಿ ಕುಸಿಯುವ ಬಗೆಯೇ ಎಲ್ಲ ವಯಸ್ಸಿನಲ್ಲೂ ಹೆಚ್ಚು ಸಾಮಾನ್ಯ. ನಾವು ಎದ್ದು ನಿಂತಾಗ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ನರಮಂಡಲ ಇದನ್ನು ಕೂಡಲೇ ಗುರುತಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಹೃದಯದ ಬಡಿತವನ್ನು ಸ್ವಲ್ಪ ಹೆಚ್ಚಿಸುತ್ತದೆ; ಹಾಗಾಗಿ ನಮಗೆ ಏನೂ ಗೊತ್ತಾಗುವುದಿಲ್ಲ. ಬಹಳ ಹೊತ್ತು ನಿಂತಿದ್ದಾಗ, ಸೆಕೆಯಲ್ಲಿ, ಹಸಿವು ನಿರ್ಜಲತೆಗಳಲ್ಲಿ, ಸೂಜಿ ಅಥವಾ ರಕ್ತ ಕಂಡಾಗ, ತೀವ್ರ ನೋವಿನಲ್ಲಿ ಇದೇ ನರಮಂಡಲ ಕೆಲವರಲ್ಲಿ ತದ್ವಿರುದ್ಧವಾಗಿ ವರ್ತಿಸುತ್ತದೆ: ಬಿಗಿಯಬೇಕಾದ ನಾಳಗಳು ಸಡಿಲವಾಗುತ್ತವೆ, ವೇಗಸ್ ಎಂಬ ನರ ಹೃದಯದ ಬಡಿತವನ್ನು ಇಳಿಸುತ್ತದೆ. ರಕ್ತದೊತ್ತಡ ಜಾರತೊಡಗುತ್ತದೆ. ಈ ಪ್ರತಿವರ್ತನದ ಬವಳಿಯಲ್ಲಿ ಹೃದಯಕ್ಕೆ ರೋಗವಿರುವುದಿಲ್ಲ, ಅದು ತಪ್ಪು ಆದೇಶವನ್ನು ಪಾಲಿಸುತ್ತಿರುತ್ತದೆ ಅಷ್ಟೆ.

ಒತ್ತಡ ಜಾರಲು ಹಲವು ಸೆಕೆಂಡುಗಳಿಂದ ಒಂದೆರಡು ನಿಮಿಷದವರೆಗೆ ಹಿಡಿಯುವುದರಿಂದ ದೇಹ ಮುನ್ಸೂಚನೆ ಕೊಡುತ್ತದೆ. ಆಕಳಿಕೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ತಣ್ಣನೆಯ ಬೆವರು ಒಡೆಯುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕಣ್ಣಿಗೆ ಸುತ್ತಲಿನಿಂದ ಕತ್ತಲೆ ಕವಿಯುತ್ತದೆ, ಪಕ್ಕದವರ ಮಾತು ದೂರದಿಂದ ಕೇಳಿದಂತಾಗುತ್ತದೆ. ಬಿದ್ದೊಡನೆ ದೇಹ ಅಡ್ಡವಾಗುವುದರಿಂದ ಕಾಲಿನ ರಕ್ತ ಎದೆಗೆ ಮರಳಿ ಎಚ್ಚರ ಬರುತ್ತದೆ. ಆದರೆ ಮೈ ಸೋತ ಭಾವ, ವಾಕರಿಕೆ, ಬೆವರು ಇನ್ನೂ ಸ್ವಲ್ಪ ಹೊತ್ತು, ಕೆಲವೊಮ್ಮೆ ಗಂಟೆಗಟ್ಟಲೆ ಉಳಿಯುತ್ತವೆ. ರಾತ್ರಿ ಎದ್ದು ಮೂತ್ರಕ್ಕೆ ಹೋದಾಗ, ಮಲವಿಸರ್ಜನೆಗೆ ತಿಣುಕುವಾಗ, ಬಿಡದೆ ಕೆಮ್ಮುವಾಗ ಬೀಳುವುದೂ ಬಹುತೇಕ ಈ ಗುಂಪಿಗೇ ಸೇರುತ್ತದೆ.

ಹೃದಯದ ಲಯ ತಪ್ಪಿ ಎಚ್ಚರ ಹೋಗುವ ಬಗೆಯಲ್ಲಿ ಈ ಪೀಠಿಕೆ ಹೆಚ್ಚಾಗಿ ಇರುವುದಿಲ್ಲ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂದೇಶ ಇಳಿಯದೆ ಹೋದರೆ ಹೃದಯ ಕೆಲವು ಸೆಕೆಂಡು ಬಡಿಯುವುದೇ ಇಲ್ಲ. ಕೆಳಗಿನ ಕೋಣೆಗಳಲ್ಲೇ ಹುಟ್ಟಿದ ಅತಿವೇಗದ ಲಯವಾದರೆ ಹೃದಯ ಬಡಿಯುತ್ತಿದ್ದರೂ ರಕ್ತ ತುಂಬಿಕೊಳ್ಳಲು ಸಮಯ ಸಿಗದೆ ಹೊರಹರಿವು ಇಲ್ಲವಾಗುತ್ತದೆ. ಎರಡರಲ್ಲೂ ಆರೆಂಟು ಸೆಕೆಂಡುಗಳ ಲೆಕ್ಕ ತಕ್ಷಣ ಶುರುವಾಗುತ್ತದೆ. ಹೀಗಾಗಿ ವ್ಯಕ್ತಿಗೆ ಕೂರಲು, ಗೋಡೆ ಹಿಡಿಯಲು, ಕೈ ಮುಂದೆ ಚಾಚಲು ಸಮಯ ಇರುವುದಿಲ್ಲ. ಮೂಗು, ಹಣೆ, ಹಲ್ಲುಗಳಿಗೆ ಪೆಟ್ಟಾಗುವುದು ಈ ಕಾರಣಕ್ಕೆ. ನಿಂತಿರಲೇಬೇಕೆಂಬ ನಿಯಮವೂ ಇಲ್ಲ, ಕುಳಿತಿದ್ದಾಗ ಅಥವಾ ಹಾಸಿಗೆಯಲ್ಲಿ ಮಲಗಿದ್ದಾಗಲೂ ಆಗಬಹುದು. ಲಯ ಸರಿಹೋದ ಕ್ಷಣದಲ್ಲಿ ಎಚ್ಚರವೂ ತಟ್ಟನೆ ಮರಳುತ್ತದೆ. ಬಡಿತ ನಿಂತು ಮತ್ತೆ ಶುರುವಾದವರಲ್ಲಿ, ಆಗಷ್ಟೇ ಬಿಳಿಚಿದ್ದ ಮುಖ ಕೆಂಪಾಗುವುದುಂಟು. ರಕ್ತವಿಲ್ಲದೆ ಹಿಗ್ಗಿಕೊಂಡ ನಾಳಗಳಿಗೆ ಒಮ್ಮೆಲೇ ರಕ್ತ ನುಗ್ಗುವುದೇ ಇದರ ಕಾರಣ. ನಿಧಾನ ನಾಡಿಯ ಜೊತೆಗೆ ಬರುವ ಇಂಥ ಮೂರ್ಛೆಯನ್ನು ಡಬ್ಲಿನ್‌ನ ವೈದ್ಯರಾದ ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ವರ್ಣಿಸಿದರು. ಆಗ ಇಸಿಜಿ ಯಂತ್ರವೇ ಇರಲಿಲ್ಲ. ಅವರು ರೋಗಿಯನ್ನು ನೋಡಿ, ನಾಡಿ ಹಿಡಿದು, ನಡೆದದ್ದನ್ನು ಕೇಳಿ ತಿಳಿದುಕೊಂಡರು.

ಈ ಎರಡನ್ನು ಬೇರ್ಪಡಿಸಬೇಕಾದ ಅಗತ್ಯ ಮುಂದಿನ ಬದುಕಿನ ಬಗ್ಗೆ ಅವು ಹೇಳುವುದರಲ್ಲಿದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪ್ರತಿವರ್ತನದ ಬವಳಿ ಬಂದವರ ಸಾವಿನ ಪ್ರಮಾಣ ಎಂದೂ ಎಚ್ಚರ ತಪ್ಪದವರಿಗಿಂತ ಹೆಚ್ಚಾಗಿರಲಿಲ್ಲ. ಹೃದಯದ ಕಾರಣದಿಂದ ಎಚ್ಚರ ತಪ್ಪಿದವರಲ್ಲಿ ಅದು ಸುಮಾರು ಎರಡು ಪಟ್ಟಿತ್ತು.

ಇಲ್ಲಿಯವರೆಗಿನ ವರ್ಣನೆ ಎರಡು ಶುದ್ಧ ಮಾದರಿಗಳದ್ದು. ನಿಜವಾದ ಘಟನೆಗಳು ಇಷ್ಟು ಸ್ವಚ್ಛವಾಗಿರುವುದಿಲ್ಲ. ವಯಸ್ಸಾದವರಲ್ಲಿ ಪ್ರತಿವರ್ತನದ ಬವಳಿಯೂ ಮುನ್ಸೂಚನೆಯಿಲ್ಲದೆ ಬರಬಹುದು, ಅಥವಾ ಬಂದ ಮುನ್ಸೂಚನೆ ಅವರಿಗೆ ನೆನಪುಳಿಯದಿರಬಹುದು. ಇದಕ್ಕಿಂತ ಅಪಾಯಕಾರಿಯಾದ ಗೊಂದಲ ಎಳೆಯರಲ್ಲಿದೆ. ಲಾಂಗ್ ಕ್ಯುಟಿ ಎಂಬ ಆನುವಂಶಿಕ ತೊಂದರೆಯಲ್ಲಿ ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಸ್ಥಿತಿ ಮತ್ತೆ ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆ ನಡುವೆ ಅತಿವೇಗದ ಲಯ ಹುಟ್ಟಬಹುದು. ಇದರ ಒಂದು ಬಗೆಯಲ್ಲಿ ಓಟ ಮತ್ತು ಈಜು, ಇನ್ನೊಂದು ಬಗೆಯಲ್ಲಿ ಅಲಾರಾಂ ಅಥವಾ ಫೋನಿನ ಹಠಾತ್ ಶಬ್ದ ಈ ಲಯವನ್ನು ಕೆರಳಿಸುತ್ತದೆ. ಗಡಿಯಾರ ಬಡಿದುಕೊಂಡಾಗ ಬೆಚ್ಚಿ ಎದ್ದು ಕುಸಿದ ಹುಡುಗಿಯನ್ನು ನೋಡಿ ಮನೆಯವರು "ಹೆದರಿ ಎಚ್ಚರ ತಪ್ಪಿದಳು" ಎಂದೇ ಹೇಳುತ್ತಾರೆ. ಆದ್ದರಿಂದ ಹೆದರಿಕೆ ಇತ್ತು ಎಂಬ ಒಂದೇ ಕಾರಣಕ್ಕೆ ಅದನ್ನು ನಿರಪಾಯದ ಬವಳಿ ಎಂದು ಬದಿಗಿಡಬಾರದು. ನೀರಿನಲ್ಲಿ ಈಜುತ್ತಿದ್ದಾಗ ಎಚ್ಚರ ತಪ್ಪಿದ ಮಗುವಿಗೆ ಇಸಿಜಿ ಮಾಡದೆ ಬಿಡಲೇಬಾರದು. ವ್ಯಾಯಾಮದ ವಿಷಯದಲ್ಲಿಯೂ ಸೂಕ್ಷ್ಮ ವ್ಯತ್ಯಾಸವಿದೆ. ಓಟ ಮುಗಿಸಿ ನಿಂತ ಮೇಲೆ ಕುಸಿಯುವುದು ಬಹಳ ಸಲ ಕಾಲಿನಲ್ಲಿ ರಕ್ತ ನಿಂತುಕೊಳ್ಳುವುದರಿಂದ ಆಗುತ್ತದೆ. ಓಡುತ್ತಿರುವಾಗಲೇ ಬೀಳುವುದು, ಬೇರೆ ಕಾರಣ ಸಾಬೀತಾಗುವವರೆಗೆ, ಹೃದಯದ್ದೇ ಎಂದು ಭಾವಿಸಿ ಮುಂದುವರಿಯಬೇಕು.

ಇನ್ನೊಂದು ದೊಡ್ಡ ಗೊಂದಲ ಕೈಕಾಲು ಸೆಳೆತದ್ದು. ಯಾರಾದರೂ ಬಿದ್ದು ಕೈಕಾಲು ಅದುರಿದರೆ ನಮ್ಮಲ್ಲಿ ಕೂಡಲೇ ಫಿಟ್ಸ್ ಎನ್ನುತ್ತಾರೆ, ಕೈಗೆ ಬೀಗದ ಕೈ ಕೊಡುತ್ತಾರೆ, ಹಲವು ಸಲ ವರ್ಷಗಟ್ಟಲೆ ಅದಕ್ಕೇ ಮಾತ್ರೆಯೂ ನಡೆಯುತ್ತದೆ. ಜರ್ಮನಿಯ ವೈದ್ಯ ಥಾಮಸ್ ಲೆಂಪರ್ಟ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಲ್ಲಿ ಬೇಕೆಂದೇ ಬವಳಿ ಉಂಟುಮಾಡಿ ಚಿತ್ರೀಕರಿಸಿ 1994ರಲ್ಲಿ ಪ್ರಕಟಿಸಿದರು: ಪೂರ್ತಿ ಎಚ್ಚರ ತಪ್ಪಿದ 42 ಮಂದಿಯಲ್ಲಿ ಶೇಕಡ 90ರಷ್ಟು ಜನರಿಗೆ ಸೆಳೆತದಂಥ ಚಲನೆ ಬಂದಿತ್ತು, ಹೆಚ್ಚಿನವರ ಕಣ್ಣು ತೆರೆದೇ ಇತ್ತು. ಮಿದುಳಿಗೆ ರಕ್ತ ಸಾಲದಿದ್ದರೆ ಸ್ನಾಯುಗಳು ಅದುರುತ್ತವೆ; ಕಾರಣ ಬವಳಿಯೂ ಇರಬಹುದು, ಹೃದಯವೂ ಇರಬಹುದು. ವ್ಯತ್ಯಾಸ ತಿಳಿಯುವುದು ಸೆಳೆತದ ಎಣಿಕೆ ಮತ್ತು ಕ್ರಮದಿಂದ. ರಕ್ತ ಸಾಲದೆ ಬರುವ ಸೆಳೆತ ಮೈ ಸಡಿಲಾಗಿ ಬಿದ್ದ ಮೇಲೆ ಶುರುವಾಗುತ್ತದೆ, ಹತ್ತಕ್ಕಿಂತ ಕಡಿಮೆ ಸಲ ಅಡ್ಡಾದಿಡ್ಡಿಯಾಗಿ ಬಂದು ನಿಲ್ಲುತ್ತದೆ. ಅಪಸ್ಮಾರದ್ದು ಮೈ ಸೆಟೆದು ಶುರುವಾಗಿ, ಲಯಬದ್ಧವಾಗಿ ಇಪ್ಪತ್ತಕ್ಕೂ ಹೆಚ್ಚು ಸಲ, ಒಂದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ನಡೆಯುತ್ತದೆ. ಮುಗಿದ ಮೇಲೆ ವ್ಯಕ್ತಿ ಹಲವು ನಿಮಿಷ ಮನೆಯವರನ್ನೂ ಗುರುತಿಸದೆ ಗೊಂದಲದಲ್ಲಿರುತ್ತಾನೆ, ನಾಲಿಗೆಯ ಅಂಚು ಕಚ್ಚಿಕೊಂಡಿರುತ್ತದೆ. ಬಟ್ಟೆಯಲ್ಲಿ ಮೂತ್ರ ಹೋಗುವುದು ಎಲ್ಲದರಲ್ಲೂ ಆಗಬಹುದಾದ್ದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ.

ಇವೆಲ್ಲ ಒಬ್ಬ ವ್ಯಕ್ತಿಯಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ನೋಡಲು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಅರಸೀಕೆರೆಯ ಕಡೆಯ 64 ವರ್ಷದ ತೆಂಗು ಬೆಳೆಗಾರರು. ಏಪ್ರಿಲ್‌ನ ಬಿಸಿಲಲ್ಲಿ ಮದುವೆಮನೆಯ ಊಟದ ಸರದಿಗಾಗಿ ಬಹಳ ಹೊತ್ತು ನಿಂತಿದ್ದಾಗ ಬೆವರಿ, ಹೊಟ್ಟೆ ತೊಳಸಿ, "ಕಣ್ಣು ಕತ್ತಲೆ ಬರ್ತಿದೆ" ಎಂದು ಹೇಳಿ ಮೆಲ್ಲಗೆ ಕುಸಿದರು. ಬಿಪಿ ಲೋ ಎಂದಾಯಿತು. ಆ ದಿನದ ಮಟ್ಟಿಗೆ ಅದು ಸರಿಯೂ ಇರಬಹುದು. ಎಂಟು ತಿಂಗಳ ನಂತರ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಸೊಸೆಯೊಂದಿಗೆ ಮಾತನಾಡುತ್ತಿದ್ದಾಗ ಮಾತು ಅರ್ಧಕ್ಕೆ ನಿಂತು ತಲೆ ವಾಲಿತು. ಅದೇ ಬಿಪಿ ಎಂದುಕೊಂಡು ತಲೆಸುತ್ತಿನ ಮಾತ್ರೆ ತಂದರು. ಮತ್ತೆ ಮೂರು ವಾರಕ್ಕೆ ಅಂಗಳದಲ್ಲಿ ನಡೆಯುತ್ತಿದ್ದವರು ಬೋರಲು ಬಿದ್ದು ಮೂಗಿನ ಮೂಳೆ ಮುರಿದುಕೊಂಡರು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ 140/80, ಸಕ್ಕರೆ ಸರಿಯಾಗಿದೆ, ನಾಡಿ 68. ಇಸಿಜಿ ನೋಡಿ "ಅಟ್ಯಾಕ್ ಆಗಿಲ್ಲ" ಎಂದರು. ಮನೆಯವರು ಅದನ್ನು ಹೃದಯಕ್ಕೆ ಏನೂ ಆಗಿಲ್ಲ ಎಂದು ಅರ್ಥ ಮಾಡಿಕೊಂಡರು.

ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ಎಷ್ಟೋ ಜನ ಕಳೆದುಹೋಗುತ್ತಾರೆ. ಹೃದಯಾಘಾತ ಎಂದರೆ ಹೃದಯದ ರಕ್ತನಾಳ ಮುಚ್ಚಿಕೊಳ್ಳುವುದು. ಎಚ್ಚರ ತಪ್ಪುವ ವಿಷಯದಲ್ಲಿ ಹುಡುಕಬೇಕಾದದ್ದು ಬೇರೆ, ವಿದ್ಯುತ್ ಹಾದಿಯ ತೊಂದರೆ. ಆ ಇಸಿಜಿಯಲ್ಲಿ ಬಲ ಬಂಡಲ್ ಬ್ರಾಂಚ್ ಬ್ಲಾಕ್ ಇತ್ತು, ಅಂದರೆ ಆ ಹಾದಿಯ ಬಲ ಕವಲಿನಲ್ಲಿ ತಡೆ; ಎಡ ಬದಿಯ ಮುಂಭಾಗದ ಕವಲೂ ಸಂದೇಶ ಒಯ್ಯುತ್ತಿರಲಿಲ್ಲ. ಊರಿಗಿರುವ ಮೂರು ದಾರಿಗಳಲ್ಲಿ ಎರಡು ಮುಚ್ಚಿ, ಎಲ್ಲ ಸಂಚಾರವೂ ಒಂದರ ಮೇಲೆ ನಡೆಯುತ್ತಿದ್ದಂತೆ. ಆ ಉಳಿದ ದಾರಿಯೂ ಆಗಾಗ ಕೆಲವು ಸೆಕೆಂಡು ಮುಚ್ಚಿದರೆ ಕೆಳಗಿನ ಕೋಣೆಗಳಿಗೆ ಸಂದೇಶವೇ ಇಳಿಯುವುದಿಲ್ಲ. ಮುಂದಿನ ಕ್ಷಣ ತೆರೆದುಕೊಂಡರೆ ನಾಡಿ ಮತ್ತೆ 68. ಆಸ್ಪತ್ರೆ ತಲುಪುವ ಹೊತ್ತಿಗೆ ಯಾವ ಗುರುತೂ ಉಳಿದಿರುವುದಿಲ್ಲ. ಇಂಥ ಇಸಿಜಿ ಎಷ್ಟೋ ಜನರಲ್ಲಿ ಏನೂ ತೊಂದರೆ ಕೊಡದೆ ಇರುವುದುಂಟು. ಇದಕ್ಕೆ ತೂಕ ಬರುವುದು ಸೊಸೆ ಹೇಳಿದ ಮಾತು ಜೊತೆಗೆ ಸೇರಿದಾಗ: "ಮಾವ ಮಾತಾಡ್ತಾ ಮಾತಾಡ್ತಾನೇ ತಲೆ ವಾಲಿಸಿಬಿಟ್ರು. ಬೆವರಿರಲಿಲ್ಲ. ಮುಖ ಸುಣ್ಣದ ಥರ ಬಿಳಿ ಆಯ್ತು, ಹದಿನೈದು ಇಪ್ಪತ್ತು ಎಣಿಸೋದ್ರೊಳಗೆ ಕಣ್ಣು ಬಿಟ್ರು, ಆಮೇಲೆ ಮುಖ ಕೆಂಪಾಯ್ತು, 'ಏನಂತಿದ್ದೆ ನಾನು?' ಅಂತ ಕೇಳಿದ್ರು."

ಹೃದ್ರೋಗ ತಜ್ಞರಿಗೆ ಈ ಕೆಲವು ಮಾತುಗಳು ಸಾಕು. ಕುಳಿತಿದ್ದಾಗ ಆದದ್ದು, ಮುನ್ಸೂಚನೆ ಇಲ್ಲದ್ದು, ಬಣ್ಣ ಬದಲಾದದ್ದು, ತಟ್ಟನೆ ಪೂರ್ತಿ ಎಚ್ಚರವಾದದ್ದು, ಮೂರನೆಯ ಸಲ ಮುಖಕ್ಕೆ ಪೆಟ್ಟಾದದ್ದು, ಇವೆಲ್ಲ ಇಸಿಜಿಯ ಜೊತೆ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಮೈಗೆ ಅಂಟಿಸಿಕೊಂಡು 24 ಗಂಟೆ ಹೃದಯದ ಲಯವನ್ನು ಬರೆದಿಡುವ ಹೋಲ್ಟರ್ ದಾಖಲೆ ಇವರಲ್ಲಿ ಸಹಜವಾಗಿಯೇ ಬರುತ್ತದೆ, ಏಕೆಂದರೆ ವಾರಗಳಿಗೊಮ್ಮೆ ಬರುವ ಘಟನೆ ಆ ಒಂದು ದಿನದಲ್ಲೇ ಬರುವ ಸಾಧ್ಯತೆ ತೀರಾ ಕಡಿಮೆ. ಹೋಲ್ಟರ್ ನಾರ್ಮಲ್ ಎಂದು ಅಲ್ಲಿಗೇ ನಿಲ್ಲಿಸುವುದು ತಪ್ಪು. ಹೃದಯದೊಳಗೆ ತಂತಿ ಕಳುಹಿಸಿ ವಿದ್ಯುತ್ ಹಾದಿಯನ್ನು ಅಳೆಯುವ ಪರೀಕ್ಷೆ ಮಾಡಬಹುದು. ಅಥವಾ ಎದೆಯ ಚರ್ಮದಡಿ ಪುಟ್ಟ ಲೂಪ್ ರೆಕಾರ್ಡರ್ ಇಟ್ಟು, ಸುಮಾರು ಮೂರು ವರ್ಷದವರೆಗೂ ಲಯವನ್ನು ಗಮನಿಸುತ್ತಾ ಮುಂದಿನ ಘಟನೆಗಾಗಿ ಕಾಯಬಹುದು. ನಮ್ಮ ಉದಾಹರಣೆಯಲ್ಲಿ ರೆಕಾರ್ಡರ್ ಇಟ್ಟ ಎರಡನೆಯ ತಿಂಗಳಲ್ಲಿ ಒಂಬತ್ತು ಸೆಕೆಂಡಿನ ನಿಲುಗಡೆ ದಾಖಲಾಗುತ್ತದೆ, ಪೇಸ್‌ಮೇಕರ್ ಬೇಕೆಂಬುದು ಖಚಿತವಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಮದುವೆಮನೆಯ ಮೊದಲ ಘಟನೆ ಬಹುಶಃ ನಿಜವಾಗಿಯೂ ಬರಿಯ ಬವಳಿಯೇ. ಒಬ್ಬರಿಗೆ ಎರಡೂ ಬರಬಹುದು. ಮೊದಲ ಸಲದ ಹೆಸರನ್ನು ಮುಂದಿನ ಸಲಗಳಿಗೂ ಅಂಟಿಸಿದ್ದೇ ಇಲ್ಲಿ ತಡವಾಗಲು ಕಾರಣ.

ಹಾಗಾದರೆ ಬರೆದಿಟ್ಟುಕೊಳ್ಳಬೇಕಾದದ್ದು ಏನು? ಕಾಲದ ಕ್ರಮದಲ್ಲೇ ಬರೆಯುವುದು ಒಳ್ಳೆಯದು, ಅದೂ ಅದೇ ದಿನ, ಏಕೆಂದರೆ ಎರಡು ದಿನ ಕಳೆದರೆ ನೋಡಿದವರ ನೆನಪು ಊಹೆಯೊಂದಿಗೆ ಬೆರೆತುಹೋಗುತ್ತದೆ. ಬೀಳುವ ಮುಂಚೆ ನಿಂತಿದ್ದರೋ, ಕುಳಿತಿದ್ದರೋ, ಮಲಗಿದ್ದರೋ, ಆಗಷ್ಟೇ ಎದ್ದಿದ್ದರೋ, ಏನು ಮಾಡುತ್ತಿದ್ದರು, ಕೊನೆಯ ಸಲ ಊಟ ಮಾಡಿ, ನೀರು ಕುಡಿದು ಎಷ್ಟು ಹೊತ್ತಾಗಿತ್ತು, ಸೆಕೆ, ಜ್ವರ, ಭೇದಿ ಇತ್ತೇ. ಬಿದ್ದವರಿಗೆ ನೆನಪಿರುವ ಕೊನೆಯ ಸಂಗತಿ ಯಾವುದು ಎಂದು ಕೇಳಿ, ಅವರ ಮಾತಿನಲ್ಲೇ ಬರೆಯಿರಿ. ಎದೆ ಡವಗುಟ್ಟಿತೇ, ನೋವು ಅಥವಾ ಉಸಿರುಕಟ್ಟು ಇತ್ತೇ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ಬಿದ್ದಾಗ ಮುಖದ ಬಣ್ಣ, ಕಣ್ಣು, ಸೆಳೆತ ಬಂದಿದ್ದರೆ ಅದು ಬೀಳುವ ಮೊದಲೋ ನಂತರವೋ ಮತ್ತು ಸುಮಾರು ಎಷ್ಟು ಸಲ ಎಂಬುದನ್ನು ಕಂಡವರಿಂದಲೇ ಕೇಳಬೇಕು. ಹೊತ್ತಿನ ಅಂದಾಜು ಯಾವಾಗಲೂ ಉಬ್ಬುತ್ತದೆ; ಗಾಬರಿಯಲ್ಲಿ ಇಪ್ಪತ್ತು ಸೆಕೆಂಡು ಐದು ನಿಮಿಷವೆನಿಸುತ್ತದೆ. ಆದ್ದರಿಂದ ನಿಮಿಷ ಹೇಳುವುದಕ್ಕಿಂತ, ಆ ನಡುವೆ ಏನೇನು ನಡೆಯಿತು, ಉದಾಹರಣೆಗೆ ಒಳಗಿನಿಂದ ದಿಂಬು ತರುವಷ್ಟರಲ್ಲಿ ಎಚ್ಚರವಾಗಿತ್ತು ಎಂದು ಬರೆಯುವುದು ವೈದ್ಯರಿಗೆ ಹೆಚ್ಚು ಉಪಯೋಗ. ಎದ್ದ ಮೇಲೆ ಎಷ್ಟು ಬೇಗ ಹೆಸರು ಹಿಡಿದು ಕರೆದರು, ವಾಕರಿಕೆ ಸುಸ್ತು ಎಷ್ಟು ಹೊತ್ತಿತ್ತು, ಎಲ್ಲಿ ಪೆಟ್ಟಾಯಿತು ಎಂಬುದೂ ಇರಲಿ. ಇನ್ನೊಬ್ಬರು ಪಕ್ಕದಲ್ಲಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಅದರಲ್ಲಿ ಸಂಕೋಚ ಬೇಡ.

ಇದರ ಜೊತೆಗೆ ಎರಡು ಸಂಗತಿಗಳನ್ನು ಮನೆಯವರು ತಾವಾಗಿ ಹೇಳುವುದು ಅಪರೂಪ. ಒಂದು, ಔಷಧಿಗಳು. ರಕ್ತದೊತ್ತಡದ ಮಾತ್ರೆ, ನೀರು ಹೋಗಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ನಿಂತಾಗ ಒತ್ತಡ ಇಳಿಸುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಜಿಥ್ರೊಮೈಸಿನ್, ಡೋಂಪೆರಿಡೋನ್‌ನಂಥವು ಕೆಲವರಲ್ಲಿ ಕ್ಯುಟಿ ಅವಧಿಯನ್ನು ಉದ್ದಗೊಳಿಸುತ್ತವೆ. ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಎರಡು, ಕುಟುಂಬದ ಇತಿಹಾಸ. ನಲವತ್ತು ವರ್ಷದೊಳಗೆ ಹಠಾತ್ತಾಗಿ ತೀರಿಕೊಂಡ ಅಣ್ಣ, ಚಿಕ್ಕಪ್ಪ, ಸೋದರಮಾವ, ನಿದ್ದೆಯಲ್ಲೇ ಹೋದವರು, ಈಜು ಬಲ್ಲವರಾಗಿದ್ದೂ ಕೆರೆಯಲ್ಲಿ ಮುಳುಗಿದವರು ಇದ್ದರೆ ಹೇಳಲೇಬೇಕು. ರಕ್ತಸಂಬಂಧದಲ್ಲಿ ಮದುವೆಯಾದ ಮನೆತನವಾದರೆ ಅದನ್ನೂ ತಿಳಿಸಿ, ಕೆಲವು ಲಯದ ತೊಂದರೆಗಳು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ.

ವೈದ್ಯರು ಎಲ್ಲರಿಗೂ ಮಾಡಲೇಬೇಕಾದ ಪರೀಕ್ಷೆ ನಿಜವಾಗಿ ಬಹಳ ಸರಳ: ಹನ್ನೆರಡು ಲೀಡಿನ ಇಸಿಜಿ, ಮತ್ತು ಮಲಗಿದ್ದಾಗ ಹಾಗೂ ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡ. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದೇ ಒಂದು ಉತ್ತರ. ಕುಳಿತಿದ್ದಾಗ ಒಂದೇ ಸಲ ನೋಡಿದ ಬಿಪಿಯಿಂದ ಇದು ಗೊತ್ತಾಗುವುದಿಲ್ಲ, ಹಾಗಾಗಿ ನಿಲ್ಲಿಸಿ ನೋಡಿ ಎಂದು ಕೇಳಲು ಹಿಂಜರಿಯಬೇಕಿಲ್ಲ. ಕಥೆ ಬವಳಿಯದ್ದೇ ಆಗಿ, ಈ ಎರಡೂ ಸಹಜವಾಗಿದ್ದರೆ, ಎಳೆಯ ವಯಸ್ಸಿನವರಿಗೆ ತಲೆಯ ಸಿಟಿ ಸ್ಕ್ಯಾನ್, ಕುತ್ತಿಗೆಯ ಡಾಪ್ಲರ್ ಬೇಕಾಗುವುದಿಲ್ಲ. ಅವರಿಗೆ ಬೇಕಾದದ್ದು ಚೆನ್ನಾಗಿ ನೀರು ಕುಡಿಯುವುದು, ಮುನ್ಸೂಚನೆ ಬಂದೊಡನೆ ಮಲಗುವುದು. ಮಲಗಲಾಗದಿದ್ದರೆ ಕಾಲುಗಳನ್ನು ಕತ್ತರಿಯಂತೆ ಹೆಣೆದು ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುವುದು.

ಬಿದ್ದ ಕ್ಷಣದಲ್ಲಿ ಪಕ್ಕದವರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಹಲವರು ಬಿದ್ದವರನ್ನು ಎತ್ತಿ ಕೂರಿಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಕೂರಿಸಿದರೆ ಮಿದುಳಿಗೆ ಮರಳುತ್ತಿದ್ದ ರಕ್ತ ಮತ್ತೆ ಇಳಿದು ಮೂರ್ಛೆ ಉದ್ದವಾಗುತ್ತದೆ, ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಹೋಗಬಹುದು. ಅಂಗಾತ ಮಲಗಿಸಿ, ಕಾಲುಗಳನ್ನು ಸ್ವಲ್ಪ ಎತ್ತಿ, ಉಸಿರಾಟ ನೋಡಿ. ಕರೆದರೂ ಓಗೊಡದೆ, ಉಸಿರು ಇಲ್ಲದಿದ್ದರೆ ಅಥವಾ ಗೊರಗೊರ ಎಂದು ಅಪರೂಪಕ್ಕೊಮ್ಮೆ ಎಳೆಯುತ್ತಿದ್ದರೆ ಅದು ಬವಳಿಯಲ್ಲ, ಹೃದಯಸ್ತಂಭನ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಲು ತೊಡಗಬೇಕು. ಎಚ್ಚರವಾದವರಲ್ಲೂ, ಓಡುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದ್ದರೆ, ಮೊದಲು ಎದೆ ಡವಗುಟ್ಟಿದ್ದರೆ, ಎದೆನೋವಿದ್ದರೆ, ಹೃದ್ರೋಗ ಮೊದಲೇ ಇದ್ದರೆ, ಮನೆಯಲ್ಲಿ ಎಳೆ ವಯಸ್ಸಿನ ಹಠಾತ್ ಸಾವಾಗಿದ್ದರೆ ಅಂದೇ ಇಸಿಜಿ ಆಗಬೇಕು, ಮರುದಿನಕ್ಕೆ ಮುಂದೂಡುವಂತಿಲ್ಲ. ಕಾರಣ ತಿಳಿಯುವವರೆಗೆ ಅವರು ವಾಹನ ಓಡಿಸಬಾರದು, ತೆಂಗಿನ ಮರ ಅಥವಾ ಏಣಿ ಹತ್ತಬಾರದು, ಬಾವಿ ಕೆರೆಗೆ ಒಬ್ಬರೇ ಇಳಿಯಬಾರದು. ಮತ್ತು ಅಂದು ತೆಗೆದ ಇಸಿಜಿಯ ಕಾಗದವನ್ನು ಆಸ್ಪತ್ರೆಯಲ್ಲಿ ಬಿಟ್ಟುಬರದೆ, ಶಾಯಿ ಮಾಸುವ ಮುನ್ನ ಫೋಟೊ ತೆಗೆದು, ಮೂಲವನ್ನೂ ಮುಂದಿನ ವೈದ್ಯರ ಬಳಿಗೆ ಒಯ್ಯಬೇಕು.